ಹವಳದ ಸುಣ್ಣಕಲ್ಲು ಮತ್ತು ಡಾಲೊಮೈಟ್

ಸುಣ್ಣವನ್ನು ಕಾಣದ ಮನೆ ನಮ್ಮ ನಾಡಿನಲ್ಲಿ ಇಲ್ಲ. ಗೋಡೆಗೆ ಬಳಿಯುವುದು ಅದೇ, ಗಾರೆ ಅರೆಯುವುದು ಅದರಿಂದಲೇ, ಊಟವಾದ ಮೇಲೆ ವೀಳ್ಯದೆಲೆಯ ಬೆನ್ನಿಗೆ ಸವರುವುದೂ ಅದನ್ನೇ. ಆದರೆ ಕಟ್ಟಾಯದ ಸುತ್ತಮುತ್ತ ಎಷ್ಟೇ ಹುಡುಕಿದರೂ ಹವಳವು ಕಟ್ಟಿದ ಸುಣ್ಣಕಲ್ಲು ದೊರೆಯಲಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ನೈಸ್ ಎಂಬ ಪುರಾತನ ಪಟ್ಟೆಗಲ್ಲು. ನಡುನಡುವೆ ಅದಕ್ಕಿಂತಲೂ ಬೇರೆ ಬಗೆಯ, ಬಳಪದ ಕಲ್ಲಿನಂಥ ಶಿಲೆಗಳ ಪಟ್ಟಿಗಳು. ಆದಕಾರಣ ನಮ್ಮ ಹಿರಿಯರು ಸುಣ್ಣಕ್ಕಾಗಿ ಮಣ್ಣಿನಲ್ಲಿ ಉಂಡೆಗಟ್ಟಿದ ಸುಣ್ಣದ ಹರಳನ್ನು ಆಯ್ದು ಸುಟ್ಟರು. ಕರಾವಳಿಯವರು ಕಪ್ಪೆಚಿಪ್ಪನ್ನು ಸುಟ್ಟರು. ಬಾಗಲಕೋಟೆ, ಕಲಬುರಗಿಯ ಕಡೆಯವರು ಬಂಡೆಯನ್ನೇ ಒಡೆದು ಸುಟ್ಟರು.

ಬಂಡೆಯನ್ನು ಸುಡುವವರಿಗೆ ಒಂದು ಸಂಗತಿ ತಿಳಿದಿರಬೇಕಾಗುತ್ತದೆ. ಒಂದೇ ಗಣಿಯಲ್ಲಿ, ಒಂದರ ಮೇಲೊಂದು ಒರಗಿದ ಎರಡು ಪದರಗಳು ಕಣ್ಣಿಗೆ ಒಂದೇ ತೆರನಾಗಿ ತೋರಿದರೂ, ಒಂದು ಒಳ್ಳೆಯ ಸುಣ್ಣವನ್ನೂ ಸಿಮೆಂಟನ್ನೂ ಕೊಡುತ್ತದೆ. ಇನ್ನೊಂದರಿಂದ ಬಂದ ಸುಣ್ಣ ನೀರು ಹಾಕಿದರೆ ಬೇಗ ಅರಳುವುದಿಲ್ಲ, ಸಿಮೆಂಟಿಗಂತೂ ಅದು ಬಾರದು. ಮೊದಲಿನದು ಸುಣ್ಣಕಲ್ಲು, ಎರಡನೆಯದು ಡಾಲೊಮೈಟ್. ಮೊದಲಿನದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ ಇದ್ದರೆ, ಎರಡನೆಯದರಲ್ಲಿ ಕ್ಯಾಲ್ಸಿಯಮ್ಮಿನ ಅರ್ಧ ಭಾಗದ ಸ್ಥಾನವನ್ನು ಮೆಗ್ನೀಸಿಯಂ ಆಕ್ರಮಿಸಿಕೊಂಡಿದೆ. ಈ ಆಕ್ರಮಣ ಎಲ್ಲಿ, ಹೇಗೆ, ಯಾವಾಗ ನಡೆಯಿತೆಂಬ ಪ್ರಶ್ನೆ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಭೂವಿಜ್ಞಾನಿಗಳನ್ನು ಕಾಡಿದೆ. ಅದನ್ನು ಅರಿಯಬೇಕಾದರೆ ಸುಣ್ಣಕಲ್ಲು ಈಗಲೂ ಹುಟ್ಟುತ್ತಿರುವ ಎಡೆಗೆ, ಎಂದರೆ ಸಮುದ್ರಕ್ಕೆ ಹೋಗಬೇಕು.

ಅಂಥ ಎಡೆ ನಮಗೆ ತೀರ ದೂರದ್ದಲ್ಲ. ಮಂಗಳೂರಿನ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳಿವೆ. ಅಮಿನ್‌ದೀವಿ ಎಂದು ಕರೆಯುವ ಈ ಗುಂಪು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿತ್ತು. 1799ರ ತರುವಾಯ ಬ್ರಿಟಿಷರ ವಶವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅಲ್ಲಿಯ ಆಡಳಿತ ನಡೆದದ್ದು ಆ ಜಿಲ್ಲೆಯಿಂದಲೇ. ಅಲ್ಲಿಯ ತೆಂಗಿನ ನಾರು ಮಾರಾಟಕ್ಕೆ ಬರುತ್ತಿದ್ದುದೂ ಮಂಗಳೂರಿಗೇ. ಇಂದು ಲಕ್ಷದ್ವೀಪವೆನಿಸಿರುವ ಈ ದ್ವೀಪಮಾಲೆಯಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ನಮ್ಮ ಕಡೆಯಂಥ ಗಟ್ಟಿ ಬಂಡೆಯೂ ಇಲ್ಲ. ಎಲ್ಲಾ ದ್ವೀಪಗಳ ನೆಲವನ್ನು ಕೂಡಿಸಿದರೂ ಸುಮಾರು 32 ಚದರ ಕಿಲೊಮೀಟರು. ನೀರಿನಿಂದ ಕೆಲವೇ ಮೀಟರು ಎತ್ತರವಿರುವ ಆ ನೆಲವೆಲ್ಲವೂ ಹವಳದ ಚೂರು, ಹವಳದ ಮರಳು, ಹವಳದ ಕಲ್ಲು. ಜೀವಿಗಳು ಕಟ್ಟಿದ ನೆಲದ ಮೇಲೆ ಮನುಷ್ಯರು ಊರು ಕಟ್ಟಿಕೊಂಡಿದ್ದಾರೆ.

ಕಟ್ಟಿದ ಜೀವಿ ಬಹಳ ಚಿಕ್ಕದು. ಅದನ್ನು ಹವಳದ ಹುಳುವೆಂದು ಕರೆಯುವ ವಾಡಿಕೆಯಿದ್ದರೂ ಅದು ಹುಳುವಲ್ಲ. ಕೆಲವೇ ಮಿಲಿಮೀಟರು ಅಗಲದ, ಮೆದುವಾದ ಚೀಲದಂಥ ಪ್ರಾಣಿ. ಚೀಲದ ಬಾಯಿಯ ಸುತ್ತ ಕುಡಿಮೀಸೆಗಳು. ಅಡಿಯಲ್ಲಿ ತಾನೇ ಮಾಡಿಕೊಂಡ ಕಲ್ಲಿನ ಬಟ್ಟಲು. ಇಂಥ ಸಾವಿರಾರು ಪ್ರಾಣಿಗಳು ಪರಸ್ಪರ ಅಂಟಿಕೊಂಡು ಒಂದು ಹವಳದ ಗುಂಪಾಗುತ್ತವೆ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಮ್ಮಿಗೂ ಕಾರ್ಬೊನೇಟಿಗೂ ಕೊರತೆಯಿಲ್ಲ. ಆದರೂ ಅವು ತಾವಾಗಿ ಕಲ್ಲಾಗುವುದು ಅಪರೂಪ. ಹವಳದ ಪ್ರಾಣಿಯ ಕೌಶಲ್ಯವಿರುವುದು ಇಲ್ಲಿಯೇ. ತನ್ನ ಬುಡದ ಚರ್ಮಕ್ಕೂ ಕಲ್ಲಿಗೂ ನಡುವೆ ಅದು ಕೂದಲೆಳೆಗಿಂತಲೂ ತೆಳುವಾದ ನೀರಿನ ಪದರವೊಂದನ್ನು ಕೂಡಿಟ್ಟುಕೊಳ್ಳುತ್ತದೆ. ಶಕ್ತಿಯನ್ನು ವ್ಯಯಮಾಡಿ ಆ ಪದರದೊಳಕ್ಕೆ ಕ್ಯಾಲ್ಸಿಯಮ್ಮನ್ನು ಸೇದಿ, ಅಲ್ಲಿಂದ ಆಮ್ಲವನ್ನು ಹೊರಕ್ಕೆ ದೂಡುತ್ತದೆ. ಆಮ್ಲಾಂಶ ಕಡಿಮೆಯಾದ ಕೂಡಲೇ ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕಾರ್ಬೊನೇಟಾಗಿ, ಕ್ಯಾಲ್ಸಿಯಮ್ಮಿನೊಡನೆ ಕೂಡಿ, ಸೂಜಿಯಂಥ ಹರಳುಗಳಾಗಿ ಬಟ್ಟಲಿನ ಗೋಡೆಗೆ ಅಂಟುತ್ತದೆ. ಈ ಸೂಜಿಹರಳಿಗೆ ಅರಗೊನೈಟ್ ಎಂದು ಹೆಸರು. ಸಾಮಾನ್ಯ ಸುಣ್ಣಕಲ್ಲಿನ ಕ್ಯಾಲ್ಸೈಟಿಗೂ ಅರಗೊನೈಟಿಗೂ ಧಾತುಗಳು ಒಂದೇ, ಜೋಡಣೆ ಮಾತ್ರ ಬೇರೆ. ಅರಗೊನೈಟ್ ಹೆಚ್ಚು ಸುಲಭವಾಗಿ ಕರಗುವಂಥದು. ಮುಂದೆ ಈ ಸಂಗತಿ ನಮಗೆ ಬೇಕಾಗುತ್ತದೆ.

ಇಷ್ಟೊಂದು ಕೆಲಸಕ್ಕೆ ಶಕ್ತಿ ಎಲ್ಲಿಂದ? ಹವಳದ ಮೈಯ ಜೀವಕೋಶಗಳೊಳಗೇ ಕಣ್ಣಿಗೆ ಕಾಣದ ಪಾಚಿಗಳು ಒಕ್ಕಲಿವೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ಮಾಡಿ ಬಹುಪಾಲನ್ನು ಆಶ್ರಯದಾತನಿಗೆ ಒಪ್ಪಿಸುತ್ತದೆ. ಹವಳ ತನ್ನ ಕಸವನ್ನೇ ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ. ಕತ್ತಲಲ್ಲಿದ್ದುದಕ್ಕಿಂತ ಬೆಳಕಿನಲ್ಲಿ ಹವಳವು ಸುಮಾರು ಮೂರು ಪಟ್ಟು ಬೇಗ ಕಲ್ಲು ಕಟ್ಟುವುದು ಈ ಒಡಂಬಡಿಕೆಯ ಫಲ. ದಿಬ್ಬ ಕಟ್ಟುವ ಹವಳಗಳು ಬೆಚ್ಚಗಿನ, ತಿಳಿಯಾದ, ಬಿಸಿಲು ಇಳಿಯುವ ಆಳವಿಲ್ಲದ ನೀರಿನಲ್ಲೇ ಇರುವುದಕ್ಕೆ ಕಾರಣವೂ ಅದೇ.

ಆದರೆ ಹವಳದಿಬ್ಬವೆಂದರೆ ಹವಳವಷ್ಟೇ ಎಂದು ತಿಳಿಯಲಾಗದು. ಗಾರೆ ಕೆಲಸ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಹವಳಗಳು ಗೋಡೆಯ ದಪ್ಪ ಕಲ್ಲುಗಳು. ಅಲೆಗಳ ಹೊಡೆತಕ್ಕೆ ಮುರಿದ ಕೊಂಬೆಗಳು, ಶಂಖ ಚಿಪ್ಪುಗಳು, ಗಿಳಿಮೀನುಗಳು ಹವಳವನ್ನು ಕಚ್ಚಿ ಅರೆದು ವಿಸರ್ಜಿಸುವ ಬಿಳಿಯ ಮರಳು, ಇವೆಲ್ಲ ಸಂದುಗಳನ್ನು ತುಂಬುವ ಜಲ್ಲಿ. ಕೆಂಪು ಬಣ್ಣದ ಒಂದು ಜಾತಿಯ ಸುಣ್ಣಪಾಚಿ ಇವೆಲ್ಲದರ ಮೇಲೂ ಹಬ್ಬಿ, ಕಲ್ಲಿನ ಹೊದಿಕೆಯಾಗಿ ಬೆಸೆಯುವ ಗಾರೆ. ಈ ಕೆಂಪು ಪಾಚಿಯ ಸುಣ್ಣದಲ್ಲಿ ಮೊದಲಿನಿಂದಲೂ ಅಷ್ಟಿಷ್ಟು ಮೆಗ್ನೀಸಿಯಂ ಸೇರಿರುತ್ತದೆ ಎಂಬುದು ಗಮನಾರ್ಹ. ದಿಬ್ಬವನ್ನು ಕೊರೆದು ನೋಡಿದರೆ ನೆಟ್ಟಗೆ ನಿಂತ ಹವಳಕ್ಕಿಂತ ಚೂರು ಮರಳುಗಳೇ ಹೆಚ್ಚಾಗಿ ಕಾಣುವುದೂ ಉಂಟು.

ಬೆಳವಣಿಗೆಯ ವೇಗವನ್ನು ಲೆಕ್ಕಹಾಕಿ ನೋಡಬಹುದು. ಕವಲೊಡೆಯುವ ಹವಳದ ಕೊಂಬೆ ವರ್ಷಕ್ಕೆ 10 ಸೆಂಟಿಮೀಟರಿನಷ್ಟು ನೀಳವಾದೀತು. ಗುಂಡು ಹವಳ 1 ಸೆಂಟಿಮೀಟರಿನಷ್ಟು ದಪ್ಪವಾದೀತು. ದಿಬ್ಬದ ಬೆಳವಣಿಗೆ ಅಷ್ಟಿಲ್ಲ, ಏಕೆಂದರೆ ಮುರಿಯುವುದೂ ಕೊರೆಯುವುದೂ ಸದಾ ನಡೆದೇ ಇರುತ್ತವೆ. ಆರೋಗ್ಯವಾದ ದಿಬ್ಬದ ಮಟ್ಟಸ ಭಾಗದಲ್ಲಿ ಒಂದು ಚದರ ಮೀಟರಿಗೆ ವರ್ಷಕ್ಕೆ ಸುಮಾರು 4 ಕಿಲೊಗ್ರಾಂ ಸುಣ್ಣಕಲ್ಲು ಶೇಖರವಾಗುತ್ತದೆಂದು ವಿಜ್ಞಾನಿಗಳು ಅಳೆದಿದ್ದಾರೆ. ಅರಗೊನೈಟಿನ ಒಂದು ಘನ ಮೀಟರಿನ ತೂಕ ಸುಮಾರು 2,900 ಕಿಲೊಗ್ರಾಂ. ದಿಬ್ಬದಲ್ಲಿ ಅರ್ಧದಷ್ಟು ಪೊಳ್ಳೆಂದು ಭಾವಿಸಿದರೆ ಒಂದು ಘನ ಮೀಟರು ದಿಬ್ಬಕ್ಕೆ 1,450 ಕಿಲೊಗ್ರಾಂ ಸಾಕು. ನಾಲ್ಕನ್ನು ಇದರಿಂದ ಭಾಗಿಸಿದರೆ ವರ್ಷಕ್ಕೆ ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ಬರುತ್ತದೆ. ಸಾವಿರ ವರ್ಷಕ್ಕೆ ಸುಮಾರು ಮೂರು ಮೀಟರು. ಭೂಮಿಯ ಇತಿಹಾಸದಲ್ಲಿ ಇದು ಸಾಧಾರಣ ವೇಗವೇನಲ್ಲ.

ಇದೇ ಲೆಕ್ಕ ಲಕ್ಷದ್ವೀಪದವರಿಗೆ ಇಂದು ಆತಂಕದ ಲೆಕ್ಕವೂ ಆಗಿದೆ. 2006ರಿಂದ 2018ರವರೆಗೆ ಲೋಕದ ಸಮುದ್ರಮಟ್ಟ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರಿನಂತೆ ಏರಿತು. ದಿಬ್ಬ ಆರೋಗ್ಯವಾಗಿದ್ದರೂ ಅದರೊಡನೆ ಹೆಜ್ಜೆ ಹಾಕುವುದು ಕಷ್ಟ. ಅದರ ಮೇಲೆ, ನೀರು ರೂಢಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳವು ತನ್ನ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಉಣಿಸುವವನಿಲ್ಲದೆ ಬಹಳ ದಿನ ಕಳೆದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿದವು. ಸತ್ತ ಹವಳ ಕೂಡಲೇ ಕುಸಿಯುವುದಿಲ್ಲ. ಆದರೆ ಕಟ್ಟುವವನು ಕೆಲಸ ಬಿಟ್ಟ ಮೇಲೂ ಕೊರೆಯುವ ಸ್ಪಂಜುಗಳೂ ಅಲೆಗಳೂ ತಮ್ಮ ಕೆಲಸವನ್ನು ಬಿಡುವುದಿಲ್ಲ.

ಬೆಳಕಿನಲ್ಲೇ ಬದುಕುವ ಜೀವಿ ನೂರಾರು ಮೀಟರು ದಪ್ಪದ ಕಲ್ಲನ್ನು ಹೇಗೆ ಕಟ್ಟೀತು ಎಂದು ವಾಚಕರು ಕೇಳಬಹುದು. ಇದಕ್ಕೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉತ್ತರ ಕೊಟ್ಟನು. ಸಮುದ್ರದಿಂದ ಎದ್ದ ಜ್ವಾಲಾಮುಖಿಯ ಸುತ್ತ ಹವಳ ಬೆಳೆಯುತ್ತದೆ; ಪರ್ವತ ನಿಧಾನವಾಗಿ ಮುಳುಗುತ್ತದೆ; ಹವಳ ಅಷ್ಟೇ ನಿಧಾನವಾಗಿ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಕೊನೆಗೆ ಪರ್ವತ ಕಣ್ಮರೆಯಾಗಿ, ನಡುವೆ ಲಗೂನುಳ್ಳ ಹವಳದ ಬಳೆಯೊಂದು ಉಳಿಯುತ್ತದೆ. ಲಕ್ಷದ್ವೀಪದ ಅಡಿಯಲ್ಲಿಯೂ ಮುಳುಗಿದ ಜ್ವಾಲಾಮುಖಿಗಳ ಸಾಲಿದೆಯೆಂದೂ, ಬೆಳಗಾವಿ ವಿಜಯಪುರಗಳ ಕಪ್ಪು ಕಲ್ಲನ್ನು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹೊರಚೆಲ್ಲಿದ ಭೂಗರ್ಭದ ಬಿಸಿಯೇ ಆ ಸಾಲಿಗೂ ಮೂಲವೆಂದೂ ಬಹುಮಂದಿ ಭೂವಿಜ್ಞಾನಿಗಳು ಎಣಿಸುತ್ತಾರೆ.

ಡಾರ್ವಿನ್ನನ ಮಾತನ್ನು ಒರೆಗೆ ಹಚ್ಚಬೇಕಾದರೆ ದ್ವೀಪವನ್ನು ಕೊರೆದು ನೋಡಬೇಕಿತ್ತು. ಯಾರಾದರೂ ಕೋಟ್ಯಧೀಶ್ವರನು ಹಣ ಕೊಟ್ಟು ಹವಳದ ದ್ವೀಪವೊಂದನ್ನು ಕೊರೆಯಿಸಬಾರದೇ ಎಂಬ ಹಂಬಲವನ್ನು ಅವನು 1881ರಲ್ಲಿ ಒಂದು ಪತ್ರದಲ್ಲಿ ತೋಡಿಕೊಂಡಿದ್ದನು. ಕೋಟ್ಯಧೀಶ್ವರನೇನೋ ಮುಂದೆ ಬರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಪೆಸಿಫಿಕ್ ಸಾಗರದ ಫುನಾಫುತಿ ಎಂಬ ದ್ವೀಪದಲ್ಲಿ ಆ ಕೆಲಸವನ್ನು ಕೈಗೊಂಡಿತು. 1896ರ ಮೊದಲ ಪ್ರಯತ್ನ ನೂರಡಿಯ ಆಸುಪಾಸಿನಲ್ಲೇ ಸಡಿಲ ಮರಳಿನಲ್ಲಿ ಸಿಕ್ಕಿ ನಿಂತಿತು. 1897ರಲ್ಲಿ ಸಿಡ್ನಿಯ ಪ್ರಾಧ್ಯಾಪಕ ಎಜ್ವರ್ತ್ ಡೇವಿಡ್ ನೇತೃತ್ವದಲ್ಲಿ ಮತ್ತೆ ಕೊರೆದರು. 1898ರಲ್ಲಿ ಅದೇ ಬಾವಿಯನ್ನು ಮುಂದುವರಿಸಿ 1,114 ಅಡಿಗಳವರೆಗೆ, ಎಂದರೆ ಸುಮಾರು 340 ಮೀಟರು ಇಳಿದರು. ಅಷ್ಟು ಆಳದಲ್ಲಿಯೂ ಸಿಕ್ಕಿದ್ದು ದಿಬ್ಬದ ಸುಣ್ಣವೇ. ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ. ಅದು ಸಿಕ್ಕಿದ್ದು 1952ರಲ್ಲಿ, ಎನಿವೆಟಾಕ್ ದ್ವೀಪದಲ್ಲಿ ಅಮೆರಿಕದವರು 1,200 ಮೀಟರಿಗೂ ಆಳವಾಗಿ ಕೊರೆದಾಗ. ಡಾರ್ವಿನ್ನನ ಊಹೆ ಅಲ್ಲಿ ನಿಜವಾಯಿತು.

ಆದರೆ ಫುನಾಫುತಿಯ ಬಾವಿ ಯಾರೂ ನಿರೀಕ್ಷಿಸದ ಇನ್ನೊಂದು ಉತ್ತರವನ್ನು ಕೊಟ್ಟಿತ್ತು. ಹೊರತೆಗೆದ ಕಲ್ಲಿನ ದಿಂಡುಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿ 1904ರಲ್ಲಿ ಪ್ರಕಟಿಸಿದ ವರದಿಯಂತೆ, ಮೇಲಿನ ಭಾಗದ ಬಹುತೇಕ ಕಲ್ಲಿನಲ್ಲಿ ಮೆಗ್ನೀಸಿಯಂ ಕಾರ್ಬೊನೇಟು ನೂರಕ್ಕೆ ಕೆಲವೇ ಪಾಲು. ಸುಮಾರು 640 ಅಡಿಗಳಿಂದ ಕೆಳಕ್ಕೆ ಅದು ನೂರಕ್ಕೆ 40ರ ಮಟ್ಟಕ್ಕೆ ಏರಿ, ಬಾವಿಯ ತಳದವರೆಗೂ ಅಲ್ಲಲ್ಲೇ ನಿಂತಿತ್ತು. ಶುದ್ಧ ಡಾಲೊಮೈಟಿನಲ್ಲಿ ಅದರ ಪ್ರಮಾಣ ನೂರಕ್ಕೆ 46ರ ಸಮೀಪ. ಹಾಗಾದರೆ ದ್ವೀಪದ ಕೆಳಭಾಗವೆಲ್ಲ ಡಾಲೊಮೈಟೇ ಆಗಿತ್ತು! ಹವಳವೆಂದೂ ಡಾಲೊಮೈಟನ್ನು ಕಟ್ಟುವುದಿಲ್ಲ. ಕೆಂಪು ಪಾಚಿಯೂ ಅಷ್ಟು ಮೆಗ್ನೀಸಿಯಮ್ಮನ್ನು ಸೇರಿಸದು. ಆದ್ದರಿಂದ ಕಟ್ಟಿ ಮುಗಿದ ಮೇಲೆ, ನೆಲದೊಳಗೇ, ಕಲ್ಲು ಮಾರ್ಪಟ್ಟಿತೆಂಬುದು ನಿಸ್ಸಂದೇಹ.

ಮಾರ್ಪಾಡಿನ ಮೊದಲ ಹಂತವನ್ನು ತಿಳಿಯುವುದು ಸುಲಭ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಇಂಥ ಇಳಿತಗಳು ಅದಕ್ಕೂ ಹಿಂದೆ ಹಲವು ಸಲ ಆಗಿದ್ದವು. ಆಗ ಹವಳದ ದ್ವೀಪಗಳು ಸುಣ್ಣಕಲ್ಲಿನ ಗುಡ್ಡಗಳಾಗಿ ನೀರಿನ ಮೇಲೆ ನಿಂತವು. ಮಳೆನೀರು ಅವುಗಳೊಳಗೆ ಇಂಗಿ, ಸುಲಭವಾಗಿ ಕರಗುವ ಅರಗೊನೈಟನ್ನು ಕರಗಿಸಿ, ಪಕ್ಕದಲ್ಲೇ ಕ್ಯಾಲ್ಸೈಟಾಗಿ ಮತ್ತೆ ಹರಳುಗಟ್ಟಿಸಿತು. ಸಡಿಲವಾಗಿದ್ದ ದಿಬ್ಬ ಬೆಸೆದು ಕಲ್ಲಾಯಿತು. ಇಲ್ಲಿಯವರೆಗೆ ಅದು ಸುಣ್ಣಕಲ್ಲೇ. ಎರಡನೆಯ ಹಂತದಲ್ಲಿ ನಡೆಯುವ ಕ್ರಿಯೆಯನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಯೂ ಬರೆಯಬಲ್ಲನು:

2CaCO₃ + Mg²⁺ → CaMg(CO₃)₂ + Ca²⁺

ಎರಡು ಪಾಲು ಸುಣ್ಣಕಲ್ಲು ಒಂದು ಪಾಲು ಮೆಗ್ನೀಸಿಯಮ್ಮನ್ನು ಒಳಕ್ಕೆ ಬರಮಾಡಿಕೊಂಡು ಒಂದು ಪಾಲು ಕ್ಯಾಲ್ಸಿಯಮ್ಮನ್ನು ಹೊರಗೆ ಕಳುಹಿಸುತ್ತದೆ. ಬರೆಯಲು ಒಂದೇ ಸಾಲು, ನಡೆಯಲು ಯುಗಗಳು. ಏಕೆಂದರೆ ಮೆಗ್ನೀಸಿಯಮ್ಮನ್ನು ಯಾರಾದರೂ ತಂದು ಕೊಡಬೇಕು. ಒಂದು ಘನ ಮೀಟರು ಗಟ್ಟಿ ಸುಣ್ಣಕಲ್ಲಿನ ತೂಕ ಸುಮಾರು 2,710 ಕಿಲೊಗ್ರಾಂ. ಅದನ್ನು ಪೂರ್ತಿಯಾಗಿ ಡಾಲೊಮೈಟಾಗಿಸಲು, ಮೇಲಿನ ಸೂತ್ರದಂತೆ ಲೆಕ್ಕಹಾಕಿದರೆ, ಸುಮಾರು 330 ಕಿಲೊಗ್ರಾಂ ಮೆಗ್ನೀಸಿಯಂ ಬೇಕು. ಒಂದು ಘನ ಮೀಟರು ಸಮುದ್ರದ ನೀರಿನಲ್ಲಿ ಇರುವುದು 1.3 ಕಿಲೊಗ್ರಾಮಿನಷ್ಟು. ಅಂದರೆ ನೀರು ತನ್ನಲ್ಲಿರುವುದೆಲ್ಲವನ್ನೂ ಕೊಟ್ಟರೂ ಕಲ್ಲಿನ 250 ಪಟ್ಟು ಸಮುದ್ರಜಲ ಅದರ ರಂಧ್ರಗಳ ಮೂಲಕ ಹಾದುಹೋಗಬೇಕು. ನೀರು ಎಲ್ಲವನ್ನೂ ಕೊಡುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇದರ ಎಷ್ಟೋ ಪಟ್ಟು ಬೇಕಾಗುತ್ತದೆ. ನಿಂತ ನೀರಿನಲ್ಲಿ ನೆನೆದ ಮಾತ್ರಕ್ಕೆ ಸುಣ್ಣಕಲ್ಲು ಡಾಲೊಮೈಟ್ ಆಗದು. ನೀರನ್ನು ಸತತವಾಗಿ ನೂಕುವ ಯಂತ್ರವೊಂದು ಇರಬೇಕು.

ಹವಳದ ದ್ವೀಪದಲ್ಲಿ ಅಂಥ ಯಂತ್ರವಿದೆ. ದ್ವೀಪದ ಹೊರಮೈಯನ್ನು ಆಳದ ತಣ್ಣನೆಯ ನೀರು ಸುತ್ತುವರಿದಿರುತ್ತದೆ. ಒಳಗಿನ ಕಲ್ಲಿಗೆ ಕೆಳಗಿನಿಂದ ಭೂಮಿಯ ಶಾಖ ತಗಲುತ್ತಿರುತ್ತದೆ. ಒಳಗಿನ ನೀರು ಬೆಚ್ಚಗಾಗಿ ಹಗುರಾಗಿ ಮೇಲೇರಿದಂತೆ, ಅದರ ಸ್ಥಾನಕ್ಕೆ ಹೊರಗಿನ ತಣ್ಣೀರು ಪಕ್ಕದಿಂದ ನುಗ್ಗುತ್ತದೆ. ಒಲೆಯ ಮೇಲಿನ ಹಂಡೆಯಲ್ಲಿ ನೀರು ತಿರುಗುವಂತೆಯೇ ಇದು. ಉರಿ ಮಾತ್ರ ಬಹಳ ಮಂದ. ಪೆಸಿಫಿಕ್ಕಿನ ದ್ವೀಪಗಳ ಡಾಲೊಮೈಟಿಗೆ ಹಲವರು ಕೊಡುವ ವಿವರಣೆ ಇದು. ಅರಬ್ ದೇಶಗಳ ಒಣ ಕರಾವಳಿಗಳಲ್ಲಿ ಯಂತ್ರ ಬೇರೆ: ಬಿಸಿಲಿಗೆ ನೀರು ಆವಿಯಾಗಿ, ಉಳಿದ ಉಪ್ಪುನೀರು ಭಾರವಾಗಿ ತಾನಾಗಿಯೇ ಕೆಳಗಿನ ಸುಣ್ಣಕಲ್ಲಿನೊಳಕ್ಕೆ ಇಳಿಯುತ್ತದೆ. ಎಲ್ಲ ಡಾಲೊಮೈಟಿಗೂ ಒಂದೇ ಕಾರಣವನ್ನು ಹುಡುಕಿದವರು ಇದುವರೆಗೆ ಸೋತಿದ್ದಾರೆ. ಹುಡುಕುವುದೂ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನೂ ದೊಡ್ಡ ಒಗಟೊಂದಿದೆ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಮ್ಮಿನ ಒಂದು ಅಯಾನಿಗೆ ಮೆಗ್ನೀಸಿಯಮ್ಮಿನ ಐದು ಅಯಾನುಗಳಿವೆ. ರಸಾಯನಶಾಸ್ತ್ರದ ಲೆಕ್ಕದಂತೆ ಡಾಲೊಮೈಟ್ ನೇರವಾಗಿ ಸಮುದ್ರದ ತಳದಲ್ಲಿ ಎಲ್ಲೆಡೆಯೂ ಹರಳುಗಟ್ಟಬೇಕು. ಗಟ್ಟುವುದಿಲ್ಲ. ಅಮೆರಿಕದ ಲಿಂಟನ್ ಲ್ಯಾಂಡ್ ಎಂಬ ವಿಜ್ಞಾನಿ ಡಾಲೊಮೈಟ್ ಹುಟ್ಟಲು ಬೇಕಾದುದಕ್ಕಿಂತ ಸಾವಿರ ಪಟ್ಟು ಸಾಂದ್ರವಾದ ದ್ರಾವಣವನ್ನು 25 ಡಿಗ್ರಿ ಉಷ್ಣತೆಯಲ್ಲಿ 32 ವರ್ಷಗಳ ಕಾಲ ಇಟ್ಟು ನೋಡಿದನು. ಡಾಲೊಮೈಟಿನ ಒಂದು ಹರಳೂ ಹುಟ್ಟಲಿಲ್ಲ. ಆ ಸೋಲನ್ನೇ ಶೀರ್ಷಿಕೆಯಲ್ಲಿ ಒಪ್ಪಿಕೊಂಡು 1998ರಲ್ಲಿ ಲೇಖನ ಪ್ರಕಟಿಸಿದ ಅವನ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಕಾರಣವಿರುವುದು ಹರಳಿನ ಶಿಸ್ತಿನಲ್ಲಿ. ಡಾಲೊಮೈಟಿನಲ್ಲಿ ಕ್ಯಾಲ್ಸಿಯಂ ಒಂದು ಪದರ, ಮೆಗ್ನೀಸಿಯಂ ಒಂದು ಪದರ, ಹೀಗೆ ಸರದಿ ತಪ್ಪದೆ ಜೋಡಣೆಯಾಗಬೇಕು. ಆದರೆ ಮೆಗ್ನೀಸಿಯಂ ಅಯಾನು ತನ್ನ ಸುತ್ತಲಿನ ನೀರಿನ ಕಣಗಳನ್ನು ಬಿಗಿಯಾಗಿ ಹಿಡಿದಿರುತ್ತದೆ; ಸುಲಭವಾಗಿ ಕಳಚಿಕೊಂಡು ಬರುವುದಿಲ್ಲ. ಬಂದ ಅಯಾನುಗಳೂ ಸರದಿಯನ್ನು ಲೆಕ್ಕಿಸದೆ ಎಲ್ಲೆಂದರಲ್ಲಿ ಕೂರುತ್ತವೆ. ಹೀಗೆ ತಪ್ಪು ಜಾಗದಲ್ಲಿ ಕುಳಿತವು ಮುಂದಿನ ಪದರಕ್ಕೆ ಅಡ್ಡಿಯಾಗಿ ಹರಳು ಬೆಳೆಯುವುದೇ ನಿಲ್ಲುತ್ತದೆ. 2023ರಲ್ಲಿ ಮಿಷಿಗನ್ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇದಕ್ಕೊಂದು ಪರಿಹಾರವನ್ನು ಕಂಡರು. ನೇಯ್ಗೆಯವನು ತಪ್ಪಿದ ಎಳೆಯನ್ನು ಬಿಚ್ಚಿ ಮತ್ತೆ ನೇಯುವಂತೆ, ಹರಳನ್ನು ಆಗಾಗ ಸ್ವಲ್ಪ ಕರಗಿಸಿದರೆ ತಪ್ಪು ಕುಳಿತ ಅಯಾನುಗಳೇ ಮೊದಲು ಕಳಚಿಕೊಳ್ಳುತ್ತವೆ. ಸರಿಯಾಗಿ ಕುಳಿತವು ಉಳಿಯುತ್ತವೆ. ಬೆಚ್ಚಗಿನ ದ್ರಾವಣದಲ್ಲಿಟ್ಟ ಚಿಕ್ಕ ಡಾಲೊಮೈಟ್ ಹರಳಿಗೆ ಎರಡು ಗಂಟೆಗಳಲ್ಲಿ ನಾಲ್ಕು ಸಾವಿರ ಸಲ ಎಲೆಕ್ಟ್ರಾನ್ ಕಿರಣವನ್ನು ಹಾಯಿಸಿ, ಕರಗುವಿಕೆ ಬೆಳವಣಿಗೆಗಳನ್ನು ಒಂದರ ಹಿಂದೊಂದಾಗಿ ನಡೆಸಿದಾಗ ಸುಮಾರು ಮುನ್ನೂರು ಪದರಗಳು ಬೆಳೆದವು. ಅದಕ್ಕೆ ಮುಂಚೆ ಪ್ರಯೋಗಶಾಲೆಯಲ್ಲಿ ಐದು ಪದರಗಳನ್ನು ಮೀರಿದವರಿರಲಿಲ್ಲ. ಪ್ರಕೃತಿಯಲ್ಲಿ ಈ ಬಿಚ್ಚಿ ಕಟ್ಟುವ ಕೆಲಸವನ್ನು ಉಬ್ಬರವಿಳಿತ, ಮಳೆ, ಬಿಸಿಲುಗಳು ಮಾಡುತ್ತವೆ. ಒಮ್ಮೆ ಸಿಹಿನೀರು, ಒಮ್ಮೆ ಉಪ್ಪುನೀರು ಬರುವ ಕರಾವಳಿಯ ಅಂಚುಗಳಲ್ಲಿ ಇಂದಿಗೂ ಅಷ್ಟಿಷ್ಟು ಡಾಲೊಮೈಟ್ ಹುಟ್ಟುವುದಕ್ಕೆ ಇದು ಒಪ್ಪುವ ವಿವರಣೆ. ಬ್ರೆಜಿಲ್ ದೇಶದ ಕೆರೆಯೊಂದರಲ್ಲಿ ಕೆಲವು ಬ್ಯಾಕ್ಟೀರಿಯಗಳ ನೆರವಿನಿಂದಲೂ ಅದು ಹುಟ್ಟುವುದನ್ನು 1995ರಲ್ಲಿ ವರದಿ ಮಾಡಿದ್ದಾರೆ.

ಮಾರ್ಪಾಟಾದ ದಿಬ್ಬದಲ್ಲಿ ಹವಳದ ರೂಪವೂ ಬಹುವೇಳೆ ಅಳಿಸಿಹೋಗುತ್ತದೆ. ಬಟ್ಟಲು, ಕವಲು, ಚಿಪ್ಪುಗಳಿದ್ದೆಡೆಯಲ್ಲಿ ಸಕ್ಕರೆಯ ಕಣದಂಥ ಹೊಳೆಯುವ ಹರಳುಗಳಷ್ಟೇ ಉಳಿಯುತ್ತವೆ. ಎರಡು ಪಾಲು ಕ್ಯಾಲ್ಸೈಟಿಗಿಂತ ಅದರಿಂದಾದ ಒಂದು ಪಾಲು ಡಾಲೊಮೈಟ್ ನೂರಕ್ಕೆ ಹದಿಮೂರರಷ್ಟು ಕಡಿಮೆ ಜಾಗ ಹಿಡಿಯುವುದರಿಂದ ಕಲ್ಲಿನಲ್ಲಿ ರಂಧ್ರಗಳು ಹೆಚ್ಚುವ ಸಂಭವವಿದೆ. ಸಂಭವವೆಂದೇ ಹೇಳಬೇಕು, ನೀರು ಹೊರಗಿನಿಂದ ಇನ್ನಷ್ಟು ಕಾರ್ಬೊನೇಟನ್ನು ತಂದರೆ ಅದೇ ರಂಧ್ರಗಳು ಮುಚ್ಚಿಯೂ ಹೋಗುತ್ತವೆ. ಕೆನಡದ ಲೆಡ್ಯೂಕ್ ಎಂಬಲ್ಲಿ 1947ರಲ್ಲಿ ದೊರೆತ ದೊಡ್ಡ ತೈಲ ನಿಕ್ಷೇಪ ಇಂಥ ರಂಧ್ರಗಳಲ್ಲಿ ತುಂಬಿಕೊಂಡದ್ದು. ಆ ಕಲ್ಲು ಮೂವತ್ತೇಳು ಮೂವತ್ತೆಂಟು ಕೋಟಿ ವರ್ಷಗಳ ಹಿಂದಿನ, ಡಾಲೊಮೈಟಾಗಿ ಮಾರ್ಪಟ್ಟ ದಿಬ್ಬ.

ಈಗ ನಮ್ಮ ನಾಡಿನ ಕಲ್ಲಿಗೆ ಬರೋಣ. ಬಾಗಲಕೋಟೆ, ಕಲಾದಗಿ, ಲೋಕಾಪುರ, ಮುಧೋಳ ಸೀಮೆಗಳಲ್ಲಿ ಸುಣ್ಣಕಲ್ಲೂ ಡಾಲೊಮೈಟೂ ಪಕ್ಕಪಕ್ಕದಲ್ಲೇ ವಿಪುಲವಾಗಿವೆ. ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶವನ್ನು ನಡೆದು ನೋಡಿ 1876ರಲ್ಲಿ ವಿವರಿಸಿದನು. ಕಲಾದಗಿಯ ಹೆಸರು ಆ ಶಿಲೆಗಳಿಗೆ ಇಂದಿಗೂ ನಿಂತಿದೆ. ಬಾದಾಮಿಯ ಗುಹೆಗಳನ್ನು ಕೊರೆದಿರುವ ಮರಳುಗಲ್ಲು ಇವುಗಳಿಗಿಂತ ಮೇಲಿನದು, ಕಿರಿಯದು. ಬಾಗಲಕೋಟೆಯ ಸುಣ್ಣಕಲ್ಲಿಗೆ ನೂರು ಕೋಟಿ ವರ್ಷಗಳಿಗೂ ಮಿಗಿಲಾದ ವಯಸ್ಸು. ಆಗ ಭೂಮಿಯ ಮೇಲೆ ಹವಳವಿರಲಿಲ್ಲ. ಈಗಿನ ಹವಳಗಳ ವಂಶ ಹುಟ್ಟಿದ್ದು ಇಪ್ಪತ್ತನಾಲ್ಕು ಕೋಟಿ ವರ್ಷಗಳ ಆಸುಪಾಸಿನಲ್ಲಿ. ಹಾಗಾದರೆ ಅಲ್ಲಿಯ ಸುಣ್ಣವನ್ನು ಕಟ್ಟಿದವರು ಯಾರು? ಆಳವಿಲ್ಲದ ನೀರಿನ ತಳದಲ್ಲಿ ಜಮಖಾನೆಯಂತೆ ಹಬ್ಬುತ್ತಿದ್ದ ನೀಲಿಹಸಿರು ಪಾಚಿಗಳು. ಅವು ಹವಳದಂತೆ ಬಟ್ಟಲು ಕಟ್ಟಲಿಲ್ಲ. ಬೆಳಕಿನಲ್ಲಿ ನೀರಿನ ಇಂಗಾಲಾಮ್ಲವನ್ನು ಹೀರಿ ಸುಣ್ಣ ತಳವೂರುವಂತೆ ಮಾಡಿದವು, ತೇಲಿಬಂದ ಸುಣ್ಣದ ಕೆಸರನ್ನು ಮೈಗೆ ಅಂಟಿಸಿಕೊಂಡವು, ಅದರ ಮೇಲೆ ಮತ್ತೆ ಹಬ್ಬಿದವು. ಈರುಳ್ಳಿಯನ್ನು ಅಡ್ಡ ಹೆಚ್ಚಿದಂತೆ ಪದರ ಪದರವಾಗಿ ಕಾಣುವ ಈ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಕಲಾದಗಿ ಶಿಲೆಗಳ ಡಾಲೊಮೈಟಿನಲ್ಲಿಯೂ ಅವು ಕಾಣಸಿಗುತ್ತವೆ. ಕಟ್ಟುವ ಜೀವಿ ಬೇರೆಯಾದರೂ ಆಮೇಲೆ ಮೆಗ್ನೀಸಿಯಂ ಒಳನುಗ್ಗುವ ರಸಾಯನ ಒಂದೇ. ಹಳೆಯ ಕಾಲದ ಶಿಲೆಗಳಲ್ಲಿ ಡಾಲೊಮೈಟ್ ಹೆಚ್ಚು, ಹೊಸ ಶಿಲೆಗಳಲ್ಲಿ ವಿರಳ ಎಂಬ ಮಾತು ಲೋಕದಾದ್ಯಂತ ಸಾಮಾನ್ಯವಾಗಿ ನಿಜ.

ಗಣಿಯವರಿಗೆ ಈ ಎರಡನ್ನೂ ಬೇರ್ಪಡಿಸುವುದು ಹೊಟ್ಟೆಪಾಡಿನ ಪ್ರಶ್ನೆ. ಸಿಮೆಂಟಿನಲ್ಲಿ ಮೆಗ್ನೀಸಿಯಂ ಆಕ್ಸೈಡು ನೂರಕ್ಕೆ 6ನ್ನು ಮೀರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. ಗೂಡಿನ ಉಗ್ರ ಶಾಖದಲ್ಲಿ ಬೆಂದ ಆ ಆಕ್ಸೈಡು ನೀರಿನೊಡನೆ ಬಹಳ ನಿಧಾನವಾಗಿ ಕೂಡುತ್ತದೆ. ಕಟ್ಟಡ ಗಟ್ಟಿಯಾಗಿ ತಿಂಗಳು ವರ್ಷಗಳು ಕಳೆದ ಮೇಲೆ ಒಳಗೇ ಉಬ್ಬಿ ಬಿರುಕು ಬಿಡಿಸುತ್ತದೆ. ಮೇಸ್ತ್ರಿಯ ಕೈಕೆಲಸದಲ್ಲಿ ಕುಂದಿಲ್ಲದಿದ್ದರೂ ಗೋಡೆ ಬಿಡುವ ಬಿರುಕು ಇದು. ಅದೇ ಡಾಲೊಮೈಟ್ ಕಬ್ಬಿಣ ಉಕ್ಕಿನ ಕಾರ್ಖಾನೆಗೆ ಬೇಕಾದ ವಸ್ತು. ಅಲ್ಲಿ ಕುಲುಮೆಯ ಕಿಟ್ಟ ಸರಾಗವಾಗಿ ಹರಿಯುವುದಕ್ಕೂ ಒಳಗೋಡೆಯ ಇಟ್ಟಿಗೆಗಳ ಬಾಳಿಕೆಗೂ ಅದು ನೆರವಾಗುತ್ತದೆ. ಆದುದರಿಂದ ಒಂದು ಪದರವನ್ನು ಒಂದು ಕಾರ್ಖಾನೆಗೂ ಪಕ್ಕದ ಪದರವನ್ನು ಇನ್ನೊಂದಕ್ಕೂ ಕಳುಹಿಸಬೇಕಾಗುತ್ತದೆ. ಬೆರಕೆಯಾದರೆ ಎರಡು ಕಡೆಯೂ ನಷ್ಟ.

ಗುರುತಿಸುವ ಬಗೆಯನ್ನು ನಮ್ಮ ವಿಜ್ಞಾನದ ಅಧ್ಯಾಪಕರು ಶಾಲೆಯ ಪ್ರಯೋಗಶಾಲೆಯಲ್ಲೇ ತೋರಿಸಬಹುದು. ನೀರು ಬೆರೆಸಿ ತೆಳುಮಾಡಿದ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಸುಣ್ಣಕಲ್ಲಿನ ಮೇಲೆ ಬಿಟ್ಟರೆ ಕೂಡಲೇ ಬುಸುಗುಟ್ಟಿ ನೊರೆ ಬರುತ್ತದೆ. ಡಾಲೊಮೈಟಿನ ಮೇಲೆ ಅದೇ ಹನಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಲ್ಲನ್ನು ಚೂರಿಯಿಂದ ಕೆರೆದು ಹುಡಿಮಾಡಿ ಅದರ ಮೇಲೆ ಹನಿಸಿದರೆ ಮೆಲ್ಲಗೆ ಗುಳ್ಳೆಗಳೇಳುತ್ತವೆ. ಫ್ರಾನ್ಸಿನ ದೇವೊದಾ ದ ದೊಲೊಮ್ಯು ಎಂಬವನು 1791ರಲ್ಲಿ ಆಲ್ಪ್ಸ್ ಪರ್ವತಗಳ ಕಲ್ಲನ್ನು ಕುರಿತು ಬರೆದಾಗ ಅವನ ಗಮನವನ್ನು ಸೆಳೆದದ್ದು ಈ ಮಂದ ಬುಸುಗುಟ್ಟುವಿಕೆಯೇ. ಮರುವರ್ಷ ಕಲ್ಲಿಗೆ ಅವನ ಹೆಸರೇ ಬಂತು. ಬಯಲಿನಲ್ಲಿಯಾದರೆ ಆಮ್ಲವಿಲ್ಲದೆಯೂ ಕಣ್ಣು ಕೆಲವನ್ನು ಹೇಳುತ್ತದೆ. ಬಿಸಿಲು ಮಳೆಗಳಿಗೆ ಸಿಕ್ಕ ಸುಣ್ಣಕಲ್ಲು ಸಾಮಾನ್ಯವಾಗಿ ಬೂದು ಬಣ್ಣಕ್ಕೆ ನುಣುಪಾಗಿ ಸವೆಯುತ್ತದೆ. ಡಾಲೊಮೈಟ್ ಕಂದು ಹಳದಿ ಛಾಯೆಗೆ ತಿರುಗಿ, ಮೈಯೆಲ್ಲ ಅಡ್ಡಗೆರೆಗಳು ಬಿದ್ದು ಆನೆಯ ಚರ್ಮದಂತೆ ಒರಟಾಗುತ್ತದೆ. ಗಾತ್ರಕ್ಕೆ ತುಸು ಭಾರವೂ ಹೆಚ್ಚು: ಸುಣ್ಣಕಲ್ಲು ನೀರಿನ 2.71 ಪಟ್ಟಾದರೆ ಡಾಲೊಮೈಟ್ 2.85 ಪಟ್ಟು. ಖಚಿತವಾಗಿ ತಿಳಿಯಬೇಕಾದವರು ಕಲ್ಲಿನ ನಯಮಾಡಿದ ಮೈಗೆ ಅಲಿಜರಿನ್ ಎಂಬ ಬಣ್ಣವನ್ನು ತೆಳು ಆಮ್ಲದಲ್ಲಿ ಬೆರೆಸಿ ಹಚ್ಚುತ್ತಾರೆ. ಕ್ಯಾಲ್ಸೈಟ್ ಇದ್ದಲ್ಲಿ ಕೆಂಪೇರುತ್ತದೆ, ಡಾಲೊಮೈಟ್ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಒಂದೇ ಅಂಗೈಯಗಲದ ಕಲ್ಲಿನಲ್ಲಿ ಕೆಂಪು ನಡುನಡುವೆ ಬಿಳಿಯ ಹರಳುಗಳ ಗುಂಪುಗಳು ಮೂಡಿ ಬಂದರೆ, ಮೆಗ್ನೀಸಿಯಂ ಹೊತ್ತ ನೀರು ಯಾವ ಸಂದಿನಿಂದ ಒಳಹೊಕ್ಕು ಎಲ್ಲಿಯವರೆಗೆ ಸಾಗಿ ಎಲ್ಲಿ ನಿಂತಿತೆಂಬುದು ಕಣ್ಣೆದುರಿಗೇ ಇರುತ್ತದೆ.